ವೋಚರಿನಲ್ಲಿ ಸಂದ ಗೌರವಧನ

ನಮ್ಮ ಕಡೆ ಶಾಲು ಯಾವತ್ತೂ ಬಾಕಿ ಉಳಿಯುವುದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ತಾಲೂಕುಗಳ ಯಾವ ಸಭೆಗೆ ಹೋದರೂ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ ಇಷ್ಟೂ ವೇದಿಕೆಯಲ್ಲೇ ಚುಕ್ತಾ. ಶಾಮಿಯಾನದವನು ಕಂಬ ಕೀಳುವ ಮೊದಲೇ ದುಡ್ಡು ಎಣಿಸಿಕೊಂಡಿರುತ್ತಾನೆ. ಮೈಕಿನವನಿಗೆ ಕೊಡದಿದ್ದರೆ ಮುಂದಿನ ವರ್ಷ ಮೈಕ್ ಬರುವುದಿಲ್ಲ. ಭಾಷಣ ಮಾಡುವವನು ಮಾತ್ರ ಹೇಗಾದರೂ ಬರುತ್ತಾನೆಂಬ ಭರವಸೆ ಎಲ್ಲರಿಗೂ ಉಂಟು. ಹಾಗಾಗಿ ಅವನ ಹತ್ತಿರ ‘ಅಕೌಂಟಿಗೆ ಹಾಕ್ತೇವೆ ಸರ್’ ಎನ್ನುತ್ತಾರೆ.

ನನಗೆ ಹಾಗೆಂದದ್ದು ಬಿ.ಸಿ. ರೋಡಿನ ಕಡೆಯ ಒಂದು ಸಂಘ. ಹೆಸರು ಬೇಡ, ನಾಳೆ ಬಸ್ಸಿನಲ್ಲಿ ಮುಖ ನೋಡಬೇಕಾದ ಜನ. ಕಾರ್ಯಕ್ರಮ ಬೆಳ್ತಂಗಡಿ ತಾಲೂಕಿನ ಒಂದು ಸಭಾಭವನದಲ್ಲಿ, ವಿಷಯ ಪಂಜೆ ಮಂಗೇಶರಾಯರ ಮಕ್ಕಳ ಸಾಹಿತ್ಯ. ಪಂಜೆಯವರು 1874ರಲ್ಲಿ ಬಂಟ್ವಾಳದಲ್ಲೇ ಹುಟ್ಟಿದವರಾದ್ದರಿಂದ ಅವರ ಬಗ್ಗೆ ಮಾತಾಡಿಸುವುದು ಸಂಘದ ಹಕ್ಕು. ಮಾತಾಡಲಿಕ್ಕೆ ಮೂಡುಬಿದಿರೆಯಿಂದ ವೇಣೂರು, ಗುರುವಾಯನಕೆರೆ ದಾಟಿ ಹೋಗುವುದು ನನ್ನ ಕರ್ತವ್ಯ. ಗೌರವಧನ 6,000 ರೂಪಾಯಿ, ಪ್ರಯಾಣವೆಚ್ಚ ಬೇರೆ. ಭಾಷಣ ಚೆನ್ನಾಗಿಯೇ ಆಯಿತು, ಎದುರಿನ ಸಾಲಿನವರು ಎದ್ದು ಹೋಗಲಿಲ್ಲ.

ಧನ್ಯವಾದ ಸಮರ್ಪಣೆ ನಡೆಯುತ್ತಿರುವಾಗ ಕೋಶಾಧಿಕಾರಿಗಳು ಬಗ್ಗಿಕೊಂಡು ವೇದಿಕೆಯ ಹಿಂದಿನಿಂದ ಬಂದರು. ಕೈಯಲ್ಲಿ ವೋಚರ್ ಪುಸ್ತಕ. ನನ್ನ ಹೆಸರು, ವಿಳಾಸ, ‘ಗೌರವಧನದ ಬಾಬ್ತು ರೂ. 6,000 ಸಂದಿದೆ’ ಎಂಬ ಸಾಲು ಎಲ್ಲ ಬರೆದೇ ಇತ್ತು. ಮೂಲೆಯಲ್ಲಿ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್, ಅಂಟು ಇನ್ನೂ ಹಸಿ. ‘ಸರ್, ಇಲ್ಲೊಂದು ಸೈನ್. ಆಡಿಟರಿಗೆ. ದುಡ್ಡು ನಾಳೆಯೇ ಹಾಕ್ತೇವೆ.’ ಆಚೆ ರಾಷ್ಟ್ರಗೀತೆಗೆ ಜನ ಏಳುತ್ತಿದ್ದರು. ಜನಗಣಮನ ಶುರುವಾದ ಮೇಲೆ ಪೆನ್ನು ಅಲ್ಲಾಡಿಸುವುದು ಸರಿಯಲ್ಲವೆಂದು ಸ್ಟಾಂಪಿನ ಮೇಲೆ ಅಡ್ಡಲಾಗಿ ಭರ್ರನೆ ಸಹಿ ಎಳೆದೆ. ಶಾಲಿನ ತುದಿ ಅಂಟಿಗೆ ತಾಗಿತು.

ಕಾನೂನು ಬಲ್ಲವರು ಇಲ್ಲಿ ನಗಬೇಕು. 5,000 ರೂಪಾಯಿಗೆ ಮೇಲ್ಪಟ್ಟ ರಶೀದಿಗೆ ಒಂದು ರೂಪಾಯಿಯ ಸ್ಟಾಂಪು ಹಚ್ಚಿ ಸಹಿ ಹಾಕಿದರೆ, ಹಣ ನನಗೆ ಮುಟ್ಟಿತು ಎಂದು ನಾನೇ ಬರೆದುಕೊಟ್ಟ ಹಾಗೆ. ಅಂದಿನಿಂದ ಸಂಘದ ಲೆಕ್ಕದ ಪುಸ್ತಕದಲ್ಲಿ ನಾನು 6,000 ರೂಪಾಯಿ ಪಡೆದು ಸುಖವಾಗಿದ್ದೇನೆ. ಮನೆಯಲ್ಲಿರುವ ನಾನು ಮಾತ್ರ ಬೇರೆ.

ನವೆಂಬರ್ ಹೋಗಿ ಜನವರಿ ಬಂತು. ಫೋನ್ ಮಾಡಿದರೆ ಚೆಕ್ಕಿಗೆ ಇಬ್ಬರ ಸೈನ್ ಆಗಬೇಕು, ಅಧ್ಯಕ್ಷರು ಮುಂಬಯಿಯಲ್ಲಿದ್ದಾರೆ. ನಮ್ಮ ಜಿಲ್ಲೆಯ ಸಂಘಗಳ ಅಧ್ಯಕ್ಷರು ಹೋಟೆಲಿನ ಕೆಲಸದ ಮೇಲೆ ಮುಂಬಯಿಯಲ್ಲೇ ಇರುವುದು, ಇದರಲ್ಲಿ ಸುಳ್ಳಿಲ್ಲ. ಪತ್ರವನ್ನೇ ಬರೆಯುವುದೆಂದು ಕೂತೆ.

ಮೊದಲ ಪುಟದಲ್ಲಿ ಸಭೆಯ ಅಚ್ಚುಕಟ್ಟುತನ, ಸ್ವಯಂಸೇವಕರ ವಿನಯ, ಗೋಧಿ ಪಾಯಸ. ಎರಡನೆಯ ಪುಟದಲ್ಲಿ ಕನ್ನಡದ ಭವಿಷ್ಯ. ಸಹಿಯ ಕೆಳಗೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ‘ತಾವು ಅಂದು ಪ್ರಸ್ತಾಪಿಸಿದ ವಿಚಾರ ತಮ್ಮ ನೆನಪಿನಲ್ಲಿರಬಹುದು’ ಎಂದು ಒಂದು ಸಾಲು. ಹೆಂಡತಿ ಓದಿ, ‘ಇದು ಥ್ಯಾಂಕ್ಸ್ ಹೇಳುವ ಪತ್ರ ಅಲ್ವಾ? ಇದನ್ನು ಓದಿದರೆ ಅವರು ಇನ್ನೊಂದು ಶಾಲು ಕಳಿಸ್ತಾರೆ’ ಎಂದಳು. ಪಾಯಸ ಹೊಡೆದುಹಾಕಿದೆ. ಜತೆಗೆ ಬಿಲ್ ಇರಬೇಕೆಂದೂ ಅವಳೇ ಹೇಳಿದ್ದು; ಸೊಸೈಟಿಯಲ್ಲಿ ಲೆಕ್ಕ ಬರೆದವಳು. ಪತ್ರವನ್ನು ಸಂಘದವರು ಓದಿ ಇಟ್ಟುಬಿಡಬಹುದು, ಬಿಲ್ ಕೊಟ್ಟರೆ ಫೈಲಿಗೆ ಸೇರಿಸಲೇಬೇಕು.

ಬಿಲ್ಲಿನಲ್ಲಿ ನನ್ನ ಹೆಸರು, ವಿಳಾಸ, ಅವರ ಹೆಸರು, ಕಾರ್ಯಕ್ರಮದ ದಿನಾಂಕ, ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ, ಪ್ಯಾನ್ ನಂಬರ್. ‘ಜಿಎಸ್‌ಟಿ ನೋಂದಣಿ ಇಲ್ಲ’ ಎಂದೂ ಬರೆದೆ. ಸೇವೆಗಳಿಗೆ ವರ್ಷಕ್ಕೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ಅಷ್ಟು ದುಡ್ಡಿನ ಭಾಷಣ ಮಾಡುವವರು ಪಂಜೆಯವರ ಬಗ್ಗೆ ಮಾತಾಡುವುದಿಲ್ಲ. ಮೂಲದಲ್ಲೇ ತೆರಿಗೆ ಕಡಿತದ ಪ್ರಶ್ನೆಯೂ ಏಳಲಿಲ್ಲ. 2025ರ ಏಪ್ರಿಲಿನಿಂದ, ಒಬ್ಬರಿಂದ ವರ್ಷಕ್ಕೆ 50,000 ರೂಪಾಯಿ ಮೀರದಿದ್ದರೆ ಇಂಥ ಶುಲ್ಕಕ್ಕೆ ಟಿಡಿಎಸ್ ಇಲ್ಲ. ಎಲ್ಲ ಸಲೀಸಾಗಿ ಹೋಗುತ್ತಿತ್ತು, ಮೇಲೆ ಬಲಗಡೆ ‘ಬಿಲ್ ನಂಬ್ರ’ ಎಂದು ಬರೆದು ಎರಡು ಚುಕ್ಕಿ ಇಡುವ ತನಕ.

ನನಗೆ ಅದು ಜೀವನದ ಮೊದಲ ಬಿಲ್. ನ್ಯಾಯವಾಗಿ 1 ಎಂದು ಬರೆಯಬೇಕು. ಆದರೆ 1 ಎಂದು ನೋಡಿದ ಕೂಡಲೇ ಕೋಶಾಧಿಕಾರಿಗಳಿಗೆ ನಾನು ಎಂಥವನೆಂದು ಗೊತ್ತಾಗಿಬಿಡುವುದಿಲ್ಲವೇ? ಇಷ್ಟು ವರ್ಷ ಯಾರಲ್ಲೂ ದುಡ್ಡು ಕೇಳದವನು, ಅಥವಾ ಇಷ್ಟು ವರ್ಷ ಯಾರೂ ಕರೆಯದವನು. ಎರಡೂ ಚೌಕಾಸಿಗೆ ಅನುಕೂಲ. 01 ಎಂದು ಬರೆದೆ. ಸೊನ್ನೆ ಸೇರಿದ್ದರಿಂದ ಸ್ವಲ್ಪ ಗಾಂಭೀರ್ಯ ಬಂತು, ಅನುಭವ ಬರಲಿಲ್ಲ. 001 ಎಂದರೆ ಮುಂದೆ ನೂರಾರು ಬಿಲ್ಲು ಕಳಿಸುವ ದುರಾಸೆ ಕಾಣುತ್ತದೆ. 47 ಹೇಗೆ? 47ನೆಯ ಬಿಲ್ಲು ಕಳಿಸುವವನು 46 ಬಿಲ್ಲಿನ ದುಡ್ಡು ವಸೂಲು ಮಾಡಿದವನು; ಅಂಥವನನ್ನು ಯಾರೂ ತಮಾಷೆಗೆ ತೆಗೆದುಕೊಳ್ಳುವುದಿಲ್ಲ. ಆದರೆ ಆಡಿಟರು ಫೋನ್ ಮಾಡಿ ‘ನಿಮ್ಮ 46ನೆಯ ಬಿಲ್ಲು ಯಾರಿಗೆ?’ ಎಂದರೆ? ಆಡಿಟರು ಹಾಗೆ ಕೇಳುವುದಿಲ್ಲ, ನನಗೂ ಗೊತ್ತು. ಆದರೂ ಆ ರಾತ್ರಿ 46 ಮಂದಿ ಕಾಲ್ಪನಿಕ ಸಂಘಾಧ್ಯಕ್ಷರ ಪಟ್ಟಿ ತಲೆಯಲ್ಲಿ ತಯಾರಾಯಿತು. ಸಿದ್ದಕಟ್ಟೆಯಲ್ಲಿ ಒಬ್ಬರು, ಪುಂಜಾಲಕಟ್ಟೆಯಲ್ಲಿ ಇಬ್ಬರು, ಉಜಿರೆಯಲ್ಲಿ ಸ್ವಲ್ಪ ಧಾರಾಳಿಯಾದ ಒಬ್ಬ ಡಾಕ್ಟರು. ಅವರೆಲ್ಲ ಸಮಯಕ್ಕೆ ಸರಿಯಾಗಿ ದುಡ್ಡು ಕೊಟ್ಟ ಸಜ್ಜನರು. ಅವರ ನೆನಪಿನಿಂದ ಕಣ್ಣು ತುಂಬುವುದೊಂದು ಬಾಕಿ.

‘ನಿಮಗೆಂತ ಮರ್ಲಾ? ಜಿಎಸ್‌ಟಿ ಇದ್ದವರಿಗೆ ನಂಬ್ರ ಒಂದರ ಹಿಂದೆ ಒಂದು ಬರಬೇಕೆಂಬ ನಿಯಮ. ನಿಮಗೆ ಯಾವ ನಿಯಮ? ಅವರ ಫೈಲಿನಲ್ಲಿ ಹುಡುಕಲಿಕ್ಕೆ ಒಂದು ಗುರ್ತ ಇದ್ದರೆ ಸಾಕು’ ಎಂದು ಹೆಂಡತಿ ಪೆನ್ನು ಕಸಿದುಕೊಂಡು ‘1/2025-26’ ಎಂದು ಬರೆದಳು. ನೋಡಿದೆ. ಇಡೀ ಹಣಕಾಸು ವರ್ಷವೇ ನನ್ನ ಬೆನ್ನಿಗೆ ನಿಂತ ಹಾಗಿತ್ತು.

ಒಂದು ವಾರದಲ್ಲಿ ಫೋನ್. ‘ಮಾಷ್ಟ್ರೆ, ನಿಮ್ಮದು ಆಗಿದೆಯಲ್ಲ? ವೋಚರ್ ಉಂಟು. ಸೈನೂ ಉಂಟು, ಶಾಲಿನ ನೂಲೂ ಅಂಟಿಕೊಂಡುಂಟು.’

ಎರಡನೆಯ ಪತ್ರದಲ್ಲಿ ಪಾಯಸ, ಭವಿಷ್ಯ ಯಾವುದೂ ಇರಲಿಲ್ಲ. ಅದು ಇಷ್ಟೇ: ‘ಸದರಿ ವೋಚರಿಗೆ ನಾನು ಸಹಿ ಹಾಕಿದ್ದು ಕಾರ್ಯಕ್ರಮದ ದಿನ, ಹಣ ಪಡೆಯುವ ಮೊದಲು. ನಗದಾಗಿಯಾಗಲಿ ಖಾತೆಗಾಗಲಿ ಹಣ ಬಂದಿಲ್ಲ. ಈ ಅವಧಿಯ ನನ್ನ ಪಾಸ್‌ಬುಕ್ಕಿನ ಪ್ರತಿ ಲಗತ್ತಿಸಿದೆ. ಪಾವತಿ ಮಾಡಿದ್ದರೆ ಅದರ ಯುಟಿಆರ್ ನಂಬ್ರ ಮತ್ತು ದಿನಾಂಕ ತಿಳಿಸಿ. ಇಲ್ಲವಾದರೆ ಬಿಲ್ ನಂ. 1/2025-26ರಂತೆ ಕೆಳಗಿನ ಖಾತೆಗೆ ಜಮಾ ಮಾಡಿ.’

ಇದರಲ್ಲಿ ಕೆಲಸ ಮಾಡಿದ್ದು ಯುಟಿಆರ್ ಎಂಬ ಮೂರಕ್ಷರ. ನೆಫ್ಟ್ ಮೂಲಕ ಹೊರಟ ಪ್ರತಿ ಪಾವತಿಗೂ ಅಂಥದೊಂದು ನಂಬರ್ ಇರುತ್ತದೆ, ಅದಿಲ್ಲವೆಂದರೆ ದುಡ್ಡು ಹೊರಟೇ ಇಲ್ಲ. ‘ಹಾಕಿದ್ದೇವೆ’ ಎನ್ನುವವರ ಬಳಿ ವಾದಿಸುವ ಬದಲು ಇದೊಂದನ್ನು ಕೇಳಿದರೆ ಸಾಕು. ಕೋಶಾಧಿಕಾರಿಗಳು ನಂಬರ್ ತರಲು ಬ್ಯಾಂಕಿಗೆ ಹೋದರು. ಅಲ್ಲಿ ಮೊದಲೇ ಕೊಟ್ಟ ಚೆಕ್ಕೂ ಫಾರ್ಮೂ ಒಂದಕ್ಕೊಂದು ಪಿನ್ ಚುಚ್ಚಿಸಿಕೊಂಡು ಹಾಗೆಯೇ ಬಿದ್ದಿದ್ದವು. ಅಂದರೆ ಪಾಪ, ಅವರು ನಿಜಕ್ಕೂ ಹಾಕಲು ನೋಡಿದ್ದರು. ಹಳೆಯ ಒಂದು ಸಭೆಗೆ ನಾನು ಬಂದಿದ್ದಾಗಿನ ವಿವರವನ್ನು ಸಂಘದ ಡೈರಿಯಿಂದ ನಕಲು ಮಾಡಿದ್ದರು. ನನ್ನ ಖಾತೆ ಆಗ ವಿಜಯಾ ಬ್ಯಾಂಕಿನಲ್ಲಿತ್ತು, ಐಎಫ್‌ಎಸ್‌ಸಿ `VIJB0` ಎಂದು ಶುರು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಆ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿತು, 2021ರ ಮಾರ್ಚಿನಿಂದ ಹಳೆಯ ಕೋಡೂ ನಿಂತಿತು. ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳ ಕೋಡೂ ಅದೇ ವರ್ಷ ಹೋಯಿತು. ಬ್ಯಾಂಕು ಹುಟ್ಟಿಸುವುದರಲ್ಲಿ ಹೆಸರಾದ ನಮ್ಮ ಕರಾವಳಿಯಲ್ಲಿ ಎಷ್ಟು ಸಂಘಗಳ ಡೈರಿಯಲ್ಲಿ ಇಂಥ ತೀರಿಕೊಂಡ ಕೋಡುಗಳು ಇನ್ನೂ ಜೀವಂತ ಇವೆಯೋ.

ಹೊಸ ಕೋಡು ನೋಡಿ ಫಾರ್ಮ್ ತುಂಬಿದರು. ಅದೂ ಹೋಗಲಿಲ್ಲ. ಐಎಫ್‌ಎಸ್‌ಸಿಯಲ್ಲಿ ಹನ್ನೊಂದು ಅಕ್ಷರ. ಮೊದಲ ನಾಲ್ಕು ಬ್ಯಾಂಕಿನದು, ಕೊನೆಯ ಆರು ಶಾಖೆಯದು, ನಡುವೆ ಐದನೆಯದು ಯಾವ ಬ್ಯಾಂಕಿನದಾದರೂ ಸೊನ್ನೆ. ಕೋಶಾಧಿಕಾರಿಗಳು ದುಂಡಗಿನ ಸುಂದರ ಅಕ್ಷರದಲ್ಲಿ ಬರೆದ `0` ಬ್ಯಾಂಕಿನ ಹುಡುಗನಿಗೆ `O` ಆಗಿ ಕಂಡಿತ್ತು. ಕಂಪ್ಯೂಟರ್ ‘ಇಲ್ಲ’ ಎಂದಿತು. ಕೋಡು ತಪ್ಪಾದರೆ ಹೀಗೆ ಅಲ್ಲೇ ನಿಲ್ಲುತ್ತದೆ, ಅದು ಪುಣ್ಯ. ಖಾತೆ ನಂಬರ್ ತಪ್ಪಿದರೆ ಕಥೆ ಬೇರೆ: ನೆಫ್ಟ್‌ನಲ್ಲಿ ಜಮಾ ಆಗುವುದು ನಂಬರ್ ನೋಡಿ, ಹೆಸರು ನೋಡಿ ಅಲ್ಲ. ಆ ನಂಬರಿನವರು ಯಾರೋ ಪಂಜೆಯವರ ಹೆಸರೂ ಕೇಳದೆ 6,000 ಪಡೆಯುತ್ತಿದ್ದರು.

ಇಷ್ಟೆಲ್ಲ ಓಡಾಟದ ನಡುವೆ, ಅಂದು ಕಾರ್ಯಕ್ರಮ ನಿರೂಪಿಸಿದ ಹುಡುಗಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ನನ್ನ ಬಿಲ್ಲಿನ ಪುರಾಣವನ್ನು ಅಭಿನಯಿಸಿ ಹೇಳಿದೆ. ನಕ್ಕಳು. ‘ನಮಗೆ ಮೂರು ತಿಂಗಳಿಂದ ಬಂದಿಲ್ಲ ಸರ್. ನಮ್ಮದನ್ನೂ ಗೌರವಧನ ಅಂತಲೇ ಹೇಳ್ತಾರೆ. ಮನೆ ಬಾಡಿಗೆ ಅದರಲ್ಲೇ’ ಎಂದಳು. ನನಗೆ ಪಿಂಚಣಿ ಬರುತ್ತದೆ. 47ರ ತಮಾಷೆ ನನಗೆ ಸಲ್ಲುತ್ತದೆ. ಅವಳು ಯಾರಿಗೆ ಬಿಲ್ಲು ಕಳಿಸಬೇಕು? ಸಹಿ ಮೊದಲು, ದುಡ್ಡು ಆಮೇಲೆ ಎಂಬ ಪದ್ಧತಿ ಮಾಡಿದವನ ಮೇಲೆ ಆ ದಿನ ಬಂದ ಸಿಟ್ಟು ಮನೆ ಮುಟ್ಟುವವರೆಗೂ ಇಳಿಯಲಿಲ್ಲ. ಅವಳ ಬಸ್ಸು ಬಂತು, ಹೋದಳು.

ದುಡ್ಡು ಫೆಬ್ರವರಿಯಲ್ಲಿ ಬಂತು, ಪೂರ್ತಿ. ಪ್ರಯಾಣವೆಚ್ಚದ ಮಾತು ಇಬ್ಬರೂ ಎತ್ತಲಿಲ್ಲ. ಮರುದಿನ ಕೋಶಾಧಿಕಾರಿಗಳ ಫೋನ್: ‘ಬಂತಲ್ಲ ಮಾಷ್ಟ್ರೆ? ಹಾಗಾದರೆ ಈಗಿನ ತಾರೀಕು ಹಾಕಿ ಇನ್ನೊಂದು ವೋಚರ್ ಸೈನ್ ಮಾಡಿ ಕೊಡ್ತೀರಾ?’ ಎರಡು ವೋಚರಾದರೆ ನಾನು 12,000 ಪಡೆದ ಹಾಗಾಗುತ್ತದೆ, ಮೊದಲು ಹಳೆಯದಕ್ಕೆ ‘ರದ್ದು’ ಬರೆದು ಫೋಟೋ ಕಳಿಸಿ ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ‘ನೀವು ಭಾರಿ ಲೆಕ್ಕದ ಜನ ಮಾರಾಯ್ರೆ’ ಎಂದವರು ಕಳಿಸಿದರು. ಕೊನೆಗೆ, ಬರುವ ನವೆಂಬರಿಗೂ ನೀವೇ ಬರಬೇಕು, ಈ ಸಲ ಒಂದು ಕೈಯಲ್ಲಿ ಕವರು, ಒಂದು ಕೈಯಲ್ಲಿ ವೋಚರು ಎಂದು ಕರೆದರು. ಖುಷಿಯಲ್ಲಿ ಒಪ್ಪಿಕೊಂಡುಬಿಟ್ಟೆ. ವಿಷಯ ಯಾವುದೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.