ಕರಿಬೇವಿನ ಮಸಿಯೂ ಕವಳೆ ಹಣ್ಣೂ

ಒಗ್ಗರಣೆಗೆ ಕರಿಬೇವು ಕೀಳಲು ಹೋದ ನನ್ನಾಕೆ ಬರಿಗೈಯಲ್ಲಿ ವಾಪಸು ಬಂದಳು. ಎಲೆಗಳಿಗೆಲ್ಲ ಮಸಿ ಮೆತ್ತಿದಂತಾಗಿತ್ತು. "ದಿನವಿಡೀ ಫೋನ್ ಉಜ್ತೀರಲ್ಲ, ಇದೇನು ಅಂತ ನೋಡಿ."

"ಕರಿಬೇವು ಕಪ್ಪು ರೋಗ" ಎಂದು ಹುಡುಕಿದೆ. ಬಂದವೆಲ್ಲ ಶಿಲೀಂಧ್ರನಾಶಕದ ಗುಣಗಾನ. ತಂದು ಹೊಡೆದೆ. ವಾರ ಕಳೆದರೂ ಗಿಡದ ಮುಖ ಕಪ್ಪೇ. ಅದೇ ಮಾತನ್ನು ಮತ್ತೆ ಮತ್ತೆ ಬರೆದೆ, ಅವೇ ಪುಟಗಳು ಬಂದವು. ಪ್ರಶ್ನೆಯೇ ಹಳಸಿದೆ ಎನ್ನುವುದಕ್ಕೆ ಬೇರೆ ಗುರುತು ಬೇಕೆ?

ಕೊನೆಗೆ ಒಂದು ಪುಟದ ಮೂಲೆಯಲ್ಲಿ, ಬೆರಳಿಂದ ಒರೆಸಿದರೆ ಹೋಗುತ್ತದೆಯೇ ನೋಡಿ, ಎಂದಿತ್ತು. ಒರೆಸಿದೆ. ಮಸಿ ಬೆರಳಿಗೆ ಬಂತು, ಕೆಳಗೆ ಹಸಿರು ಎಲೆ ನಗುತ್ತಿತ್ತು. ಬೂಷ್ಟು ಎಲೆಯೊಳಗೆ ಇಳಿದಿರಲಿಲ್ಲ, ಎಲೆ ಮೇಲಿನ ಸಿಹಿ ಅಂಟಿನಲ್ಲಿ ಬೆಳೆದಿತ್ತು. ಅಂಟು ಎಲ್ಲಿಂದ? ಈಗ "ಎಲೆ ಮೇಲೆ ಅಂಟು" ಎಂದು ಹುಡುಕಿದೆ. ಅಲ್ಲಿ ಇರುವೆಗಳ ಮಾತು ಬಂತು. ನಮ್ಮ ಗಿಡದಲ್ಲೂ ಇರುವೆಗಳ ಮೆರವಣಿಗೆ ಇತ್ತಲ್ಲ! "ಇರುವೆ ಅಂಟು ಗಿಡ" ಎಂದಾಗ ಸಿಕ್ಕ ಹೆಸರು ಹಿಟ್ಟು ತಿಗಣೆ. ಅದು ರಸ ಹೀರಿ ಸಿಹಿ ಸುರಿಸುತ್ತದೆ, ಆ ಸಿಹಿಗಾಗಿ ಇರುವೆ ಅದಕ್ಕೆ ಕಾವಲು ನಿಲ್ಲುತ್ತದೆ. ಕಾಂಡದ ಸಂದಿಯಲ್ಲಿ ತಿಗಣೆಗಳು ಹತ್ತಿಯ ಉಂಡೆಗಳಂತೆ ಕೂತಿದ್ದವು, ಅಷ್ಟು ದಿನವೂ ನನ್ನ ಕಣ್ಣೆದುರೇ.

ಅಮೆರಿಕದ ಗ್ರಂಥಾಲಯ ವಿಜ್ಞಾನಿ ಮಾರ್ಸಿಯಾ ಬೇಟ್ಸ್ 1989ರಲ್ಲಿ ಇಂಥ ಹುಡುಕಾಟಕ್ಕೊಂದು ಹೆಸರಿಟ್ಟರು: ಬೆರಿಪಿಕಿಂಗ್. ಕಾಡಿನಲ್ಲಿ ಬೆರಿ ಹಣ್ಣು ಗೊಂಚಲಾಗಿ ಸಿಗದು, ಪೊದೆಯಿಂದ ಪೊದೆಗೆ ಹೋಗಿ ಒಂದೊಂದೇ ಕೀಳಬೇಕು. ನಮ್ಮ ಕವಳೆ ಹಣ್ಣಿನ ಹಾಗೆ, ಮುಳ್ಳು ಬೇರೆ. ಅಲ್ಲಿಯವರೆಗಿನ ಮಾದರಿ ಬಹಳ ಶಿಸ್ತಿನದು: ಒಂದು ಪ್ರಶ್ನೆ, ಅದಕ್ಕೆ ತಾಳೆಯಾದ ಒಂದು ರಾಶಿ ಉತ್ತರ, ಕೆಲಸ ಮುಗಿಯಿತು. ಬೇಟ್ಸ್ ಹೇಳಿದ್ದು ಬೇರೆ. ಕಿತ್ತ ಪ್ರತಿ ಹಣ್ಣೂ ಪ್ರಶ್ನೆಯನ್ನೇ ತಿದ್ದುತ್ತದೆ, ಹುಡುಕುವ ದಾರಿಯನ್ನೂ ಬದಲಿಸುತ್ತದೆ. ಕೊನೆಗೆ ಉತ್ತರವೆನ್ನುವುದು ಒಂದು ರಾಶಿಯಲ್ಲಿರದೆ ಅಲ್ಲಿ ಇಲ್ಲಿ ಕಿತ್ತ ಚೂರುಗಳಲ್ಲಿರುತ್ತದೆ. ವಿದ್ವಾಂಸರು ಅಡಿಟಿಪ್ಪಣಿ ಹಿಡಿದು ಹಿಂದಿನ ಪುಸ್ತಕಕ್ಕೆ ಹೋಗುವುದು, ಕಪಾಟಿನಲ್ಲಿ ಪಕ್ಕದ ಪುಸ್ತಕಗಳ ಬೆನ್ನು ಸವರುವುದು, ಇವನ್ನೂ ಅವರು ಹುಡುಕಾಟವೆಂದೇ ಎಣಿಸಿದರು. ಕಾಲಹರಣ ಎಂದು ಬೈಯುವವರು ಗಮನಿಸಬೇಕು, ಮುಖ್ಯವಾಗಿ ನನ್ನಾಕೆ.

ಇನ್ನೊಬ್ಬರು, ಕ್ಯಾರಲ್ ಕುಲ್ತಾವ್, ಹುಡುಕುವವರ ಮನಸ್ಸನ್ನೇ ನೋಡಿದರು. ವಿಷಯ ಆರಿಸಿಕೊಂಡಾಗ ಬರುವ ಹುರುಪು, ಓದತೊಡಗಿದ ಮೇಲೆ ಗೊಂದಲಕ್ಕೆ ಇಳಿಯುತ್ತದಂತೆ. ಆ ಹೊತ್ತಿಗೇ ನಾನು ಶಿಲೀಂಧ್ರನಾಶಕ ಕೊಂಡದ್ದು.

ಬೇವಿನೆಣ್ಣೆಗೆ ಸೋಪುನೀರು ಕಲಸಿ ಹೊಡೆದೆ. ತಿಗಣೆ ಇಳಿಮುಖ, ಗಿಡ ಚಿಗುರುತ್ತಿದೆ. ಫೋನಿನ ಹುಡುಕಾಟದ ಪಟ್ಟಿಯಲ್ಲಿ ಕೊನೆಯ ಸಾಲು ಮಾತ್ರ ನನ್ನದಲ್ಲ: "ಕರಿಬೇವಿಲ್ಲದ ಒಗ್ಗರಣೆ".