ಕೂತರೆ ಸರಿ, ನಿಂತರೆ ನೆಲ

ನಮ್ಮ ಬೀದಿಯ ಪೋಸ್ಟ್‌ಮಾಸ್ಟರ್ ತಾತ ಮೊದಲ ಸಲ ಬಿದ್ದಾಗ ಮನೆಯವರು ವಯಸ್ಸಿನ ಮೇಲೆ ಹಾಕಿದರು. ಎರಡನೇ ಸಲಕ್ಕೆ ಒಣಮೆಣಸಿನಕಾಯಿ ಇಳಿ ತೆಗೆದರು. ಮೂರನೇ ಸಲಕ್ಕೆ ವಾಸ್ತು ಪಂಡಿತರು ಬಂದು, ಬಚ್ಚಲ ಬಾಗಿಲು ನೈರುತ್ಯಕ್ಕಿರುವುದೇ ಯಜಮಾನರ ಸೊಂಟಕ್ಕೆ ಕಂಟಕ ಎಂದು ತೀರ್ಪಿತ್ತರು. ಬಾಗಿಲು ಕಿತ್ತು ಕೂರಿಸಲು 18,000 ರೂಪಾಯಿ ಆಯಿತು. ಆ ವಾರವೇ ತಾತ ಹೊಸ ಬಾಗಿಲ ಮುಂದೆ ನಾಲ್ಕನೇ ಸಲ ಬಿದ್ದರು.

ರಜೆಗೆ ಬಂದ ಮೊಮ್ಮಗಳು ನರ್ಸಿಂಗ್ ಓದುವವಳು. ದಿಕ್ಕು ಕೇಳಲಿಲ್ಲ, ಹೊತ್ತು ಕೇಳಿದಳು.

"ಮೂರು ಸಲ ರಾತ್ರೀನೇ ಕಣಮ್ಮ. ಉಚ್ಚೆಗೆ ಅಂತ ಎದ್ದು ನಿಂತೆ, ಕಣ್ಣು ಕತ್ತಲೆ ಬಂತು. ಒಂದು ಸಲ ಮಾತ್ರ ಹಗಲಲ್ಲಿ, ಜಗಲಿ ಮೆಟ್ಟಿಲು ಇಳಿಯುವಾಗ."

ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಮಾತ್ರೆಗಳನ್ನೆಲ್ಲ ಸುರಿದು ನೋಡಿದಳು. ಬಿಪಿಗೆ ಆಮ್ಲೋಡಿಪಿನ್, ಅದು ಹಳೆಯದು. ಪ್ರಾಸ್ಟೇಟಿಗೆ ಇನ್ನೊಬ್ಬ ಡಾಕ್ಟರು ಬರೆದ ಟ್ಯಾಮ್ಸುಲೋಸಿನ್, ಹೊಸದು. ರಾತ್ರಿ ಪದೇ ಪದೇ ಎಚ್ಚರವಾಗುತ್ತದೆ ಎಂದದ್ದಕ್ಕೆ ಮತ್ತೊಬ್ಬರು ಕೊಟ್ಟ ನಿದ್ದೆ ಮಾತ್ರೆ ಕ್ಲೊನಾಜೆಪಾಮ್, ಅದೂ ಹೊಸದು. ಮೂವರೂ ತಮ್ಮ ತಮ್ಮ ಅಂಗದಲ್ಲಿ ನಿಪುಣರು. ತಾತ ಎಂಬ ಇಡೀ ಮನುಷ್ಯ ಮಾತ್ರ ಯಾರ ಡಿಪಾರ್ಟ್‌ಮೆಂಟಿಗೂ ಸೇರಿರಲಿಲ್ಲ.

ನಾವು ಎದ್ದು ನಿಂತಾಗ ರಕ್ತ ಕಾಲಿಗೆ ಇಳಿಯುತ್ತದೆ. ಕೂಡಲೇ ರಕ್ತನಾಳಗಳು ಬಿಗಿಯಾಗಿ ಅದನ್ನು ಮೇಲಕ್ಕೆ ತಳ್ಳಬೇಕು. ಪ್ರಾಸ್ಟೇಟಿನ ಆ ಮಾತ್ರೆ ಮೂತ್ರದ ದಾರಿಯನ್ನು ಸಡಿಲಿಸುವುದರ ಜೊತೆಗೆ ರಕ್ತನಾಳಗಳನ್ನೂ ಸಡಿಲಿಸಬಲ್ಲದು. ಮೇಲೆ ಬಿಪಿ ಮಾತ್ರೆ ಕೈಜೋಡಿಸುತ್ತದೆ. ಉಳಿದ ಎಚ್ಚರವನ್ನು ನಿದ್ದೆ ಮಾತ್ರೆ ನುಂಗುತ್ತದೆ.

ಹುಡುಗಿ ತಾತನನ್ನು ಐದು ನಿಮಿಷ ಮಲಗಿಸಿ ಬಿಪಿ ನೋಡಿದಳು: ಮೇಲಿನ ಅಂಕಿ 142. ನಿಲ್ಲಿಸಿದ ಮೂರು ನಿಮಿಷದೊಳಗೆ 110. ಇಪ್ಪತ್ತು ಇಳಿದರೇ ವೈದ್ಯರು ಹುಬ್ಬೇರಿಸಬೇಕು. ಆದರೆ ಆಸ್ಪತ್ರೆಗಳಲ್ಲಿ ತಾತನನ್ನು ಯಾವಾಗಲೂ ಕೂರಿಸಿಯೇ ನೋಡಿದ್ದರು. ಕೂತ ತಾತನಿಗೆ ಏನೂ ಆಗಿರಲಿಲ್ಲ.

ಹಗಲಿನ ಬೀಳುವಿಕೆಗೆ ಕಾರಣ ಮೂಗಿನ ಮೇಲೇ ಇತ್ತು. ಬೈಫೋಕಲ್ ಕನ್ನಡಕದ ಕೆಳಭಾಗ ಪೇಪರ್ ಓದುವುದಕ್ಕೆ. ಅದರಲ್ಲಿ ಬಗ್ಗಿ ನೋಡಿದರೆ ಮೆಟ್ಟಿಲಿನ ಅಂಚೇ ಮಸುಕು. ಸಾಲದ್ದಕ್ಕೆ ಬಲಗಣ್ಣಿಗೆ ಪೊರೆ. ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ, ಎಲ್ಲರೂ ಬಾಗಿಲನ್ನೇ ನೋಡುತ್ತಿದ್ದರಲ್ಲ!

ಒಬ್ಬ ಫಿಜಿಷಿಯನ್ ಮೂರೂ ಚೀಟಿಗಳನ್ನು ಒಟ್ಟಿಗೆ ಓದಿದರು. ನಿದ್ದೆ ಮಾತ್ರೆಯನ್ನು ಏಕಾಏಕಿ ನಿಲ್ಲಿಸದೆ ವಾರಗಟ್ಟಲೆ ಇಳಿಸುತ್ತಾ ಬಂದರು, ಬಿಪಿ ಮಾತ್ರೆಯ ಪ್ರಮಾಣ ತಗ್ಗಿಸಿದರು. ಹಾಸಿಗೆಯ ಅಂಚಿನಲ್ಲಿ ಎರಡು ನಿಮಿಷ ಕೂತು ಆಮೇಲೆ ಏಳಿ ಎಂದರು. ಪೊರೆಯ ಆಪರೇಷನ್ ಆಯಿತು, ನಡೆಯುವುದಕ್ಕೆಂದೇ ದೂರದೃಷ್ಟಿಯ ಕನ್ನಡಕ ಬಂತು. ಅಲ್ಲಿಂದೀಚೆಗೆ ತಾತ ಬಿದ್ದಿಲ್ಲ. ಬಾಗಿಲಿನ ಫಲ ಎಂದು ಪಂಡಿತರು ಊರೆಲ್ಲ ಹೇಳುತ್ತಿದ್ದಾರೆ.

ನಿಮ್ಮ ಮನೆಯ ಹಿರಿಯರು ಬಿದ್ದರೆ, ಗಾರೆಯವನಿಗೆ ಫೋನ್ ಮಾಡುವ ಮೊದಲು ಎಲ್ಲ ಮಾತ್ರೆಗಳನ್ನೂ ಒಂದೇ ಚೀಲಕ್ಕೆ ಹಾಕಿ ಒಬ್ಬರೇ ವೈದ್ಯರ ಮೇಜಿನ ಮೇಲೆ ಸುರಿಯಿರಿ. ನಿಲ್ಲಿಸಿ ಬಿಪಿ ನೋಡಿ ಎಂದು ಕೇಳಿ.