ಕಿಕ್‌ಆಫ್ ಸಾಹೇಬರು

ಬೆಂಗಳೂರಿನ ಹೊರವರ್ತುಲ ರಸ್ತೆಯ ಯಾವ ಗಾಜಿನ ಕಟ್ಟಡಕ್ಕೆ ಸೋಮವಾರ ಬೆಳಗ್ಗೆ ಹೋದರೂ ಇವರು ಕಾಣಸಿಗುತ್ತಾರೆ. ನಲವತ್ತರ ಆಸುಪಾಸು, ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಸ್ಲೈಡ್ ತಿರುಗಿಸುವ ಕ್ಲಿಕ್ಕರು. ಕಂಪನಿಯ ಕಾಗದಪತ್ರದಲ್ಲಿ ಪ್ರಾಜೆಕ್ಟ್ ಲೀಡ್, ತಂಡದವರ ಬಾಯಲ್ಲಿ ಕಿಕ್‌ಆಫ್ ಸಾಹೇಬರು. ಕೆಲಸ ಮುಗಿಸುವುದರ ಬಗ್ಗೆ ಭಿನ್ನಾಭಿಪ್ರಾಯಗಳಿರಬಹುದು, ಶುರು ಮಾಡುವುದರಲ್ಲಂತೂ ಎತ್ತಿದ ಕೈ.

ಮೊದಲ ಮೀಟಿಂಗಿಗೆ ಅವರು ಅಕ್ಷರಶಃ ಸ್ಕ್ರಿಪ್ಟ್ ಬರೆದುಕೊಂಡು ಬರುತ್ತಾರೆ. “ಎಲ್ರಿಗೂ ಕೇಳಿಸ್ತಿದೆಯಾ?” ಎಂಬುದೂ ಅದರಲ್ಲಿರುತ್ತದೆ. “ಇಲ್ಲಿ ತಂಡ ನಗುತ್ತದೆ” ಎಂದು ಒಂದು ಕಡೆ ಪೆನ್ಸಿಲಿನಲ್ಲಿ ಗುರುತು ಮಾಡಿರುತ್ತಾರೆ. ತಂಡ ನಗದಿದ್ದರೆ ತಾವೇ ನಕ್ಕು ಮುಂದಿನ ಸ್ಲೈಡಿಗೆ ಹೋಗುತ್ತಾರೆ.

2025ರ ಜೂನ್ 16ರ ಸೋಮವಾರವನ್ನೇ ತೆಗೆದುಕೊಳ್ಳಿ. ಏಳು ಶಾಖೆಗಳ ಒಂದು ಬಟ್ಟೆ ಅಂಗಡಿಗೆ ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್ ತೆಗೆದು ಹೊಸದು ಹಾಕುವ ಕೆಲಸ. ಅಂಗಡಿಯ ಪರವಾಗಿ ಮಾಲೀಕರ ಮಗ ಮತ್ತು ಬಿಳಿ ಅಂಗಿಯ ಹಿರಿಯ ಕ್ಯಾಷಿಯರು ಬಂದಿದ್ದರು. ಕ್ಯಾಷಿಯರು ಕೊನೆಯ ಕುರ್ಚಿ ಹಿಡಿದು ಕಾಫಿ ಕುಡಿಯುತ್ತಿದ್ದರು.

ಮೊದಲು ಬಂದದ್ದು ಯಾರ್‍ಯಾರಿಗೆ ಯಾವ ಕೆಲಸ ಎಂಬ ಪಟ್ಟಿ. ಸಾಹೇಬರ ಭಾಷೆಯಲ್ಲಿ ಇದು ‘ರೇಸಿ’. ಎಡಗಡೆ ಕೆಲಸಗಳು, ಮೇಲ್ಗಡೆ ಹೆಸರುಗಳು, ಮನೆಗಳಲ್ಲಿ ನಾಲ್ಕು ಅಕ್ಷರ. ಮಾಡುವವನಿಗೆ ಆರ್, ಕೊನೆಗೆ ಉತ್ತರ ಕೊಡಬೇಕಾದವನಿಗೆ ಎ, ಸಲಹೆ ಕೇಳಬೇಕಾದವನಿಗೆ ಸಿ, ಸುಮ್ಮನೆ ತಿಳಿಸಿದರೆ ಸಾಕೆನ್ನುವವನಿಗೆ ಐ. ಪ್ರತಿ ಸಾಲಿನಲ್ಲೂ ಎ ಒಂದೇ ಒಂದು ಇರಬೇಕು. ಎರಡಿದ್ದರೆ ಜಗಳ. ಒಂದೂ ಇಲ್ಲದಿದ್ದರೆ ಜಗಳವಿಲ್ಲ, ಆದರೆ ಕೆಲಸವೂ ಆಗುವುದಿಲ್ಲ. ಪಟ್ಟಿಗೆ ಹಸಿರು, ಹಳದಿ, ಕೇಸರಿ ಬಣ್ಣ ಬಳಿದಿದ್ದರಿಂದ ಎಲ್ಲರೂ ತಲೆಯಾಡಿಸಿದರು.

“ಸರ್, ಒಂಬತ್ತನೇ ಸಾಲಲ್ಲಿ ಎ ಯಾರಿಗೂ ಇಲ್ವಲ್ಲ?” ಎಂದಳು ಹೊಸದಾಗಿ ಸೇರಿದ್ದ ಟೆಸ್ಟರ್ ಹುಡುಗಿ.

ಒಂಬತ್ತನೇ ಸಾಲು ಹಳೆಯ ಸರಕಿನ ಪಟ್ಟಿ ಶುದ್ಧ ಮಾಡುವುದು. ಹಳೆಯ ಯಂತ್ರದಲ್ಲಿ ಒಂದೇ ಸೀರೆ ‘ಮೈಸೂರ್ ಸಿಲ್ಕ್’, ‘ಎಂ ಸಿಲ್ಕ್’, ‘ಮೈ. ರೇಷ್ಮೆ’ ಎಂದು ಮೂರು ಹೆಸರಿನಲ್ಲಿ ಕೂತಿತ್ತು. ಅದು ಕಂಪನಿಯ ಕೆಲಸ ಎಂದು ಅಂಗಡಿಯವರು ತಿಳಿದಿದ್ದರು, ಅಂಗಡಿಯವರದು ಎಂದು ಕಂಪನಿಯವರು. ಹೊಸ ಸಾಫ್ಟ್‌ವೇರ್ ಬಂದ ಮೊದಲ ದಿನವೇ ಸ್ಟಾಕ್ ತಾಳೆಯಾಗದೆ ಕೂಗಾಟವಾಗುವುದು ಇಂಥ ಸಾಲಿನಿಂದಲೇ. ಮೂರು ನಿಮಿಷದ ಮೌನದ ನಂತರ ಎ ಕ್ಯಾಷಿಯರಿಗೆ ಹೋಯಿತು. ಅವರು ಹೂಂ ಎಂದರು. ಸಾಹೇಬರು ಆ ಮನೆಗೆ ಕೇಸರಿ ಬಣ್ಣ ತುಂಬಿ ಉಸಿರು ಬಿಟ್ಟರು.

ಆಮೇಲೆ ಕಾಲಪಟ್ಟಿ. ಸಾಹೇಬರಿಗೆ ಇದು ಪ್ರಾಣ. ಪಟ್ಟಿಯನ್ನು ಅವರು ಕೊನೆಯಿಂದ ಹಿಂದಕ್ಕೆ ಕಟ್ಟುತ್ತಾರೆ, ಅದು ಸರಿಯಾದ ಕ್ರಮವೇ. ದಸರಾ ಸೆಪ್ಟೆಂಬರ್ 22ಕ್ಕೆ ಶುರು, ಅಲ್ಲಿಂದ ದೀಪಾವಳಿವರೆಗೆ ಅಂಗಡಿಯಲ್ಲಿ ಏನನ್ನೂ ಮುಟ್ಟುವಂತಿಲ್ಲ. ಹಾಗಾಗಿ ಏಳೂ ಶಾಖೆಗಳು ಒಟ್ಟಿಗೆ ಬದಲಾಗುವ ದಿನ ಸೆಪ್ಟೆಂಬರ್ 15. ಅದರ ಹಿಂದಿನ ಮೂರು ವಾರ ಅಂಗಡಿಯವರೇ ಕೂತು ಬಿಲ್ ಮಾಡಿ ನೋಡುವ ಪರೀಕ್ಷೆಗೆ, ಅದರ ಹಿಂದಿನ ಎರಡು ವಾರ ಹಳೆಯ ಲೆಕ್ಕವನ್ನು ಹೊಸದಕ್ಕೆ ಸಾಗಿಸುವ ತಾಲೀಮಿಗೆ. ಒಟ್ಟು ಹದಿಮೂರು ವಾರದಲ್ಲಿ ಕೋಡ್ ಬರೆಯಲು ಉಳಿದದ್ದು ಎಂಟು. ಸಾಲದಿದ್ದರೆ ಇನ್ನಿಬ್ಬರನ್ನು ಸೇರಿಸೋಣ ಎಂದು ಮೇಲಿನ ಮ್ಯಾನೇಜರು ಸ್ಪೀಕರ್‌ಫೋನಿನಿಂದ ಅಭಯವಿತ್ತರು. ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಎಂದು ಫ್ರೆಡ್ ಬ್ರೂಕ್ಸ್ 1975ರಲ್ಲೇ ಪುಸ್ತಕ ಬರೆದಿದ್ದಾರೆ. ಮೇಲಿನ ಮ್ಯಾನೇಜರುಗಳಿಗೆ ಪುಸ್ತಕ ಓದುವಷ್ಟು ಪುರುಸೊತ್ತೆಲ್ಲಿ?

ಕ್ಯಾಷಿಯರು ಲೋಟ ಕೆಳಗಿಟ್ಟರು. “ಸೆಪ್ಟೆಂಬರ್ ಹದಿನೈದು ಪಿತೃಪಕ್ಷ ಅಲ್ವಾ ಸ್ವಾಮಿ? ನಮ್ಮ ಯಜಮಾನರು ಹೊಸದೇನೂ ಶುರು ಮಾಡಲ್ಲ.”

ಸಾಹೇಬರ ಯೋಜನಾ ತಂತ್ರಾಂಶಕ್ಕೆ ಶನಿವಾರ, ಭಾನುವಾರ, ಗಾಂಧಿ ಜಯಂತಿ ಎಲ್ಲ ಗೊತ್ತಿತ್ತು. ಪಿತೃಪಕ್ಷ ಗೊತ್ತಿರಲಿಲ್ಲ. “ಹಾಗಾದ್ರೆ ಒಂದು ವಾರ ಹಿಂದಕ್ಕೆ ತಗೊಳ್ಳೋಣ” ಎಂದರು. ಸೆಪ್ಟೆಂಬರ್ 8ಕ್ಕೇ ಪಕ್ಷ ಹಿಡಿಯುತ್ತದೆ. ಅದರ ಹಿಂದಿನ ದಿನ ಹುಣ್ಣಿಮೆ, ಜೊತೆಗೆ ಚಂದ್ರಗ್ರಹಣ. ಇನ್ನೂ ಹಿಂದಕ್ಕೆ ಹೋದರೆ ಆಗಸ್ಟ್ 27 ಗಣೇಶ ಚತುರ್ಥಿ, 8 ವರಮಹಾಲಕ್ಷ್ಮಿ. ಸೀರೆ ಅಂಗಡಿಗೆ ಅವು ನಿಲ್ಲಲೂ ಜಾಗವಿಲ್ಲದ ದಿನಗಳು, ಪರೀಕ್ಷೆಗೆ ಕೂರುವವರು ಯಾರು? ಅದರ ಹಿಂದೆ ಆಷಾಢ, ಆಷಾಢಕ್ಕೆ ರಿಯಾಯಿತಿ ಮಾರಾಟ. ಸಾಹೇಬರ ಕ್ಲಿಕ್ಕರು ಮೇಲೆ ಹೋಯಿತು, ಕೆಳಗೆ ಬಂತು.

“ಪಿತೃಪಕ್ಷದಲ್ಲಿ ನಮಗೆ ನೊಣ ಹೊಡೆಯೋ ಕೆಲಸ” ಎಂದು ಕ್ಯಾಷಿಯರೇ ಮುಂದುವರಿಸಿದರು. “ಆಗ ಹುಡುಗರನ್ನ ಕೂರಿಸಿ ಕಲಿಸಿ. ಹುಣ್ಣಿಮೆಗೆ ಮುಂಚೆ ಒಂದು ಅಂಗಡೀಲಿ ಪೂಜೆ ಮಾಡಿ ಬಿಲ್ ಹರೀರಿ. ಶುರು ಆಯ್ತು ಅಂತ ಲೆಕ್ಕ. ಮಿಕ್ಕ ಆರಕ್ಕೆ ಅದು ಮುಂದುವರಿಕೆ, ಹೊಸದಲ್ಲ.”

ಒಂದು ಶಾಖೆಯಲ್ಲಿ ಮೊದಲು ಓಡಿಸಿ, ತಪ್ಪು ತಿದ್ದಿಕೊಂಡು, ಜನಸಂದಣಿ ಇಲ್ಲದ ಎರಡು ವಾರದಲ್ಲಿ ಉಳಿದವಕ್ಕೆ ಹಬ್ಬಿಸುವುದಕ್ಕೆ ಸಾಹೇಬರ ಶಾಸ್ತ್ರದಲ್ಲಿ ಪೈಲಟ್ ಎಂದು ಹೆಸರು. “ಎಗ್ಸಾಕ್ಟ್ಲಿ! ನನ್ನ ಹತ್ತೊಂಬತ್ತನೇ ಸ್ಲೈಡೂ ಅದೇ ಹೇಳುತ್ತೆ” ಎಂದರು ಅವರು. ಸ್ಲೈಡುಗಳಿದ್ದದ್ದು ಹದಿನೆಂಟು. ಬುಧವಾರ, ಸೆಪ್ಟೆಂಬರ್ 3, ಏಕಾದಶಿ ಎಂದು ದಿನ ಗೊತ್ತಾಯಿತು.

ಕೆಲಸದ ರೀತಿನೀತಿಯ ಸ್ಲೈಡಿನಲ್ಲಿ ಸಾಹೇಬರು ಒಂದೇ ವಿಷಯಕ್ಕೆ ಗಂಟಲೇರಿಸಿದರು. ಬದಲಾವಣೆ ಬೇಕಿದ್ದರೆ ಬರವಣಿಗೆಯಲ್ಲಿ ಬರಲಿ, ಡೆವಲಪರಿಗೆ ನೇರ ಫೋನ್ ಬೇಡ. ಮಾಲೀಕರ ಮಗ ಒಪ್ಪಿದರು. ಒಪ್ಪಿ, ಟೀ ವಿರಾಮದಲ್ಲಿ ಡೆವಲಪರ್ ಹುಡುಗನ ಹೆಗಲ ಮೇಲೆ ಕೈಹಾಕಿ, “ಬಿಲ್ಲಿನ ತಲೆ ಮೇಲೆ ಕನ್ನಡದಲ್ಲಿ ಒಂದು ‘ಶ್ರೀ’ ಬರಲಿ ಗುರು, ಒಂದೇ ಅಕ್ಷರ” ಎಂದರು. ಹುಡುಗ ಆಯ್ತು ಸಾರ್ ಎಂದ. ಕೌಂಟರಿನ ಥರ್ಮಲ್ ಪ್ರಿಂಟರಿನೊಳಗೆ ಕನ್ನಡದ ಅಕ್ಷರಗಳೇ ಇರಲಿಲ್ಲ. ‘ಶ್ರೀ’ ಕಳಿಸಿದರೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ ಬಂತು. ಚಿತ್ರ ಮಾಡಿ ಕಳಿಸಿದರೆ ಶ್ರೀಕಾರ ಮೂಡಿತು, ಬಿಲ್ ನಿಧಾನವಾಯಿತು. ಹುಡುಗನ ನಾಲ್ಕು ದಿನ ಆ ಒಂದಕ್ಷರಕ್ಕೆ ಹೋಯಿತು, ಯಾವ ಪಟ್ಟಿಯಲ್ಲೂ ಅದರ ಗುರುತಿಲ್ಲ.

ಕೊನೆಯಲ್ಲಿ ‘ನಾವು ಇಟ್ಟುಕೊಂಡಿರುವ ಊಹೆಗಳು’ ಎಂಬ ಸ್ಲೈಡ್ ಬಂದು ಹೋಯಿತು. ಊಟದ ಹೊತ್ತಾಗಿತ್ತು, ಯಾರೂ ಓದಲಿಲ್ಲ. ಅದರ ಮೂರನೇ ಸಾಲು ಹೀಗಿತ್ತು: ತೆರಿಗೆ ದರ ಈಗಿರುವಂತೆಯೇ ಇರುತ್ತದೆ.

ಸೆಪ್ಟೆಂಬರ್ 3ರ ಬೆಳಗ್ಗೆ ಕುಂಕುಮ ಹಚ್ಚಿದ ಮಾನಿಟರಿನಲ್ಲಿ ಮೊದಲ ಬಿಲ್ ಹರಿಯಿತು. ಅದೇ ರಾತ್ರಿ ಜಿಎಸ್‌ಟಿ ಮಂಡಳಿ ಹೊಸ ದರ ಪ್ರಕಟಿಸಿತು, ಜಾರಿ ಸೆಪ್ಟೆಂಬರ್ 22ರಿಂದ. ಅಲ್ಲಿಯವರೆಗೆ ಸಾವಿರ ರೂಪಾಯಿ ಮೀರಿದ ಸಿದ್ಧ ಉಡುಪಿಗೆ ಶೇ. 12, ಇನ್ನು ಮುಂದೆ 2,500ರವರೆಗೂ ಶೇ. 5, ಅದನ್ನು ಮೀರಿದರೆ ಶೇ. 18. ಅಂದರೆ 1,800 ರೂಪಾಯಿ ಬೆಲೆಯ ಕುರ್ತಾದ ತೆರಿಗೆ 216ರಿಂದ 90ಕ್ಕೆ ಇಳಿಯಬೇಕು. ಪಕ್ಷದಲ್ಲಿ ಕೊಂಡ ಕುರ್ತಾ ನವರಾತ್ರಿಯಲ್ಲಿ ವಾಪಸ್ ಬಂದರೆ ಮಾತ್ರ ಹಳೆಯ ದರದಲ್ಲೇ ಲೆಕ್ಕ. ದರವನ್ನು ತಾರೀಖಿನ ಸಮೇತ ಒಂದು ಕೋಷ್ಟಕದಲ್ಲಿಟ್ಟಿದ್ದರೆ ಎರಡು ಸಾಲು ಸೇರಿಸಿದರೆ ಮುಗಿಯುತ್ತಿತ್ತು. ಡೆವಲಪರ್ ಹುಡುಗ ‘1000’ ಎಂಬ ಅಂಕಿಯನ್ನು ಕೋಡಿನ ಹನ್ನೊಂದು ಕಡೆ ಬರೆದಿಟ್ಟಿದ್ದ. ಹತ್ತು ಕಡೆ ಅವನೇ ಹುಡುಕಿದ. ಹನ್ನೊಂದನೆಯದು ಸಿಕ್ಕಿದ್ದು ಟೆಸ್ಟರ್ ಹುಡುಗಿಗೆ, ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ.

ಸಾಹೇಬರೇನೂ ಕುಗ್ಗಲಿಲ್ಲ. ಮುಂದಿನ ಕಿಕ್‌ಆಫ್ ಒಂದು ಆಸ್ಪತ್ರೆಯದು. ಈ ಸಲ ಊಹೆಗಳ ಸ್ಲೈಡನ್ನು ಊಟಕ್ಕೆ ಮುಂಚೆಯೇ ಹಾಕಿ, ಸಾಲುಸಾಲಾಗಿ ಓದಿದರು. ಕಾಲಪಟ್ಟಿಗೆ ಬಂದಾಗ ಪಂಚಾಂಗ ತೆರೆದಿಟ್ಟುಕೊಂಡು ಆಡಳಿತ ವೈದ್ಯರತ್ತ ತಿರುಗಿದರು. “ನಿಮ್ಮಲ್ಲಿ ಆಷಾಢ, ಪಿತೃಪಕ್ಷ ಏನಾದ್ರೂ ನೋಡ್ತೀರಾ ಡಾಕ್ಟ್ರೇ?”

“ಅದೆಲ್ಲ ಇಲ್ಲ. ಡೆಂಗ್ಯೂ ನೋಡ್ತೀವಿ” ಎಂದರು ವೈದ್ಯರು.